ತೋಳಿನ ಗೆರೆಯ ಪ್ರಶ್ನೆ

ವಾಡಿಯ ಓಣಿಯವರು ನಾಗರತ್ನಾಳ ಬಗ್ಗೆ ಹೇಳುತ್ತಿದ್ದುದು ಇಷ್ಟೆ: ಅವಳು ಉಪ್ಪು ಕೇಳಲು ಬಂದರೂ ಮೊದಲು ಮನೆಮಂದಿಯ ಆರೋಗ್ಯ, ಎಮ್ಮೆಯ ಹಾಲು ಎಲ್ಲ ವಿಚಾರಿಸಬೇಕು, ಅಷ್ಟರಲ್ಲಿ ಒಲೆಯ ಮೇಲಿನ ಸಾರು ತಳ ಹಿಡಿದಿರುತ್ತದೆ.

ಗಂಡ ತೀರಿಕೊಂಡ ಮೇಲೆ ಹೊಲಿಗೆಯೇ ಅವಳ ಆಸರೆ. ಶಹಾಬಾದಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಶರಣಬಸಮ್ಮ ಒಂದು ಮಾತು ಹೇಳಿದ್ದಳು. ತೋಳು ಸರಿಯಾಗಿ ಕೂತಂಥ ಒಂದು ಬ್ಲೌಸ್ ಹೊಲಿದು ತೋರಿಸಿದರೆ ಕೆಲಸ, ಅಂಗಡಿಯ ಹಿಂದೆ ಇರಲು ಕೋಣೆ. ಇಲ್ಲದಿದ್ದರೆ ಆಡಕಿ ಎಂಬ ಹಳ್ಳಿಯಲ್ಲಿ ಅಣ್ಣನ ಮನೆ ಸೇರಿ, ಅತ್ತಿಗೆಯ ಕೈಕೆಳಗೆ ಇರಬೇಕು.

ಧಾರವಾಡದ ಟೀಚರೊಬ್ಬರ ವಿಡಿಯೊ ನೋಡಿ ನಾಗರತ್ನಾ ಬ್ಲೌಸ್ ಕತ್ತರಿಸಿ ಹೊಲಿದಳು. ಕೈ ಎತ್ತಿದರೆ ಎದೆಯ ಮೇಲೆ ಬಟ್ಟೆ ಜಗ್ಗಿತು. ಬಿಚ್ಚಿ ಮತ್ತೆ ಹೊಲಿದರೂ ಅದೇ. ವಿಡಿಯೊ ಕೆಳಗೆ ಟೀಚರಿಗೆ ಬರೆದು ಕೇಳಿದಳು. ಉತ್ತರವಿಲ್ಲ. ಮತ್ತೂ ಉದ್ದ ಬರೆದಳು. ಅವಳಿಗಿಂತ ತಡವಾಗಿ ಕೇಳಿದವರಿಗೆ ಟೀಚರ್ ಉತ್ತರ ಕೊಟ್ಟಿದ್ದು ಕಂಡಾಗ ಫೋನನ್ನು ಹಾಸಿಗೆಗೆ ಎಸೆದು, ಹಣೆಬರಹಕ್ಕೆ ಬೈದಳು.

ಪಕ್ಕದ ಮನೆಯ ತಾಜುನ್ನಿಸಾ ಫೋನ್ ತಗೊಂಡು ಅವಳು ಬರೆದದ್ದನ್ನು ಓದಿದಳು. ಟೀಚರಮ್ಮನವರಿಗೆ ಶರಣು ಶರಣಾರ್ಥಿ, ಮಕ್ಕಳು ಕ್ಷೇಮವೇ, ನಿಮ್ಮ ಕೈಗೆ ಬಂಗಾರದ ಬಳೆ ತೊಡಿಸಬೇಕು ಎಂದಿತ್ತು. ಪರದೆಯ ಮೇಲೆ ಕಾಣುವುದು ಅಷ್ಟೇ. ಉಳಿದದ್ದು ಒತ್ತಿದರೆ ಮಾತ್ರ ತೆರೆಯುತ್ತದೆ. ಒತ್ತಿದರೂ ಕೊನೆಯಲ್ಲಿದ್ದದ್ದು, ತೋಳು ಸರಿಯಾಗಿಲ್ಲ, ತಿಳಿಸಿಕೊಡಿ, ಫೋನ್ ಮಾಡಿ.

“ಇದೇನವ್ವ ರತ್ನಾ, ಲಗ್ನಪತ್ರಿಕಿ ಬರ್ದೀಯೇನು? ವಿಷಯ ಹುಡುಕೋದ್ರಾಗ ಟೀಚರ್ ರಿಟೈರ್ ಆಗ್ತಾರ.”

“ದೊಡ್ಡವ್ರಿಗೆ ಬಾಯಿಬಿಟ್ಟ ಕೂಡ್ಲೆ ಪ್ರಶ್ನಾ ಕೇಳ್ತಾರೇನು, ತಾಜಕ್ಕ? ನಮ್ಮವ್ವ ಹಂಗ ಕಲಿಸಿಲ್ಲ.”

“ಅವ್ರು ನಿನ್ನ ಮನ್ಯಾಗ ಕುಂತಿಲ್ಲವ್ವ. ಸಾವಿರ ಮಂದಿ ಕೂಗಾಕತ್ಯಾರ. ಎಲ್ಲಿ ತಿಳೀಲಿಲ್ಲ, ಏನ್ ಮಾಡ್ದಿ, ಏನಾತು, ಅಷ್ಟ ಕೇಳು. ಒಂದೇ ಕೇಳು.”

ಬೇರೆ ಯಾರಾದರೂ ಇದನ್ನೇ ಕೇಳಿದ್ದಾರೇನೋ ಎಂದು ಇಬ್ಬರೂ ಕೆಳಗಿನವರೆಗೆ ಹುಡುಕಿದರು. ಇರಲಿಲ್ಲ. ವಿಡಿಯೊ ಮತ್ತೆ ಹಚ್ಚಿ, ಗೊಂದಲದ ಜಾಗದಲ್ಲಿ ನಿಲ್ಲಿಸಿದರು. ನಾಗರತ್ನಾ ಇದು ಒರಟಾಗುತ್ತದೆ ಎಂದು ಗೊಣಗುತ್ತಲೇ ಬರೆದಳು:

“ನಮಸ್ಕಾರ ಟೀಚರ್. ವಿಡಿಯೊದಲ್ಲಿ 6:40ಕ್ಕೆ ಮುಂಭಾಗದ ಕಂಕುಳಿಗೆ ಎಳೆದ ಗೆರೆ ಕತ್ತರಿಸುವ ಗೆರೆಯೋ, ಹೊಲಿಯುವ ಗೆರೆಯೋ? ನಾನು ಅದರ ಮೇಲೇ ಕತ್ತರಿಸಿ, ಅರ್ಧ ಇಂಚು ಒಳಗೆ ಹೊಲಿದೆ. ಕೈ ಎತ್ತಿದರೆ ಎದೆ ಹತ್ತಿರ ಜಗ್ಗುತ್ತದೆ.”

ಮರುದಿನ ಮಧ್ಯಾಹ್ನ ಉತ್ತರ ಬಂತು. “ಹೊಲಿಗೆಯ ಗೆರೆ. ಹೊರಗೆ ಅರ್ಧ ಇಂಚು ಬಿಟ್ಟು ಕತ್ತರಿಸಿ. ವಿಡಿಯೊದಲ್ಲಿ ಹೇಳಲು ಮರೆತಿದ್ದೆ.”

ಖುಷಿಗಿಂತ ಸಿಟ್ಟೇ ಮೊದಲು ಬಂತು ಅವಳಿಗೆ. ಇಷ್ಟು ಸಣ್ಣ ಮಾತಿಗೆ ಎಷ್ಟು ಬಟ್ಟೆ ಹಾಳು, ಎಷ್ಟು ನಿದ್ದೆ ಹಾಳು. ಅದೇ ಸಿಟ್ಟಿನಲ್ಲಿ ಹೊಸ ಬಟ್ಟೆ ಹಾಸಿ ಕತ್ತರಿಸಿ ಹೊಲಿದಳು. ಈ ಸಲ ತೋಳು ಕೂತಿತು.

ಶರಣಬಸಮ್ಮ ಬ್ಲೌಸನ್ನು ಒಳಗೆ ಹೊರಗೆ ತಿರುಗಿಸಿ ನೋಡಿ, ಸೋಮವಾರ ಬಾ ಎಂದಳು. ಸೋಮವಾರ ಮುಂಜಾನೆ ತಾಜುನ್ನಿಸಾಳ ಮಗ ಅವಳ ಹೊಲಿಗೆ ಮಷಿನನ್ನು ಆಟೊಕ್ಕೆ ಏರಿಸಿದ. ನಾಗರತ್ನಾ ಬಾಡಿಗೆ ಮನೆಗೆ ಬೀಗ ಹಾಕಿ, ಕೀಲಿಯನ್ನು ಮಾಲಕರಿಗೆ ಕೊಡಲು ತಾಜುನ್ನಿಸಾಳ ಕೈಗಿಟ್ಟು, ಸೆರಗು ಸಿಕ್ಕಿಸಿ ಆಟೊ ಹತ್ತಿದಳು.