ಪಕ್ಕದ ಬಾಗಿಲಿನ ಜಾಗ

ಗಂಡ ತೀರಿಹೋದ ಮೇಲೆ ಭದ್ರಾವತಿಯ ನಮ್ಮ ಪುಟ್ಟ ಬಟ್ಟೆ ಅಂಗಡಿಯ ಲೈಸೆನ್ಸ್ ನನ್ನ ಹೆಸರಿಗೆ ಆಗಬೇಕಿತ್ತು. ಅದಕ್ಕೆ ನಗರಸಭೆಯವರು ಅಂಗಡಿಯ ನಕ್ಷೆ ಕೇಳಿದರು. ನಮ್ಮನೆಯವರು ಹಿಂದೆ ಅಳೆದು ಬರೆದಿಟ್ಟ ಚೀಟಿ ಹಿಡಿದು, ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ನಕ್ಷೆ ಬರೆಯುವವರ ಬಳಿ ಹೋದೆ. ಪಕ್ಕದ ಗೋಡೆಯ ಉದ್ದ 18.10 ಅಡಿ ಎಂದಿತ್ತು. ಅದನ್ನು ನಾನೇ 0.3048ರಿಂದ ಗುಣಿಸಿ, 5.52 ಮೀಟರ್ ಎಂದು ಬರೆದುಕೊಂಡಿದ್ದೆ.

ಐವತ್ತರಲ್ಲಿ ಒಂದು ಪಾಲಿನ ಅಳತೆಯಲ್ಲಿ ಗೆರೆ ಎಳೆಯುತ್ತಿದ್ದವರು ಪೆನ್ಸಿಲ್ ನಿಲ್ಲಿಸಿದರು.

"ಕಪಾಟು ಹಾಕಿದ್ಮೇಲೆ ಈ ಗೋಡೇಲಿ ಪಕ್ಕದ ಬಾಗಿಲಿಗೆ ಜಾಗಾನೇ ಸಾಲ್ತಿಲ್ಲಮ್ಮ. ಬೆಂಕಿ ಹತ್ತಿದ್ರೆ, ಮುಂದಿನ ಶಟರ್ ಬಿಟ್ರೆ ಹೊರಗೆ ಹೋಗೋಕೆ ಅದೊಂದೇ ದಾರಿ. ಅದನ್ನ ತೋರಿಸ್ದೆ ನಕ್ಷೆ ಪಾಸಾಗಲ್ಲ."

"ನಮ್ಮನೆಯವ್ರು ತಪ್ಪು ಅಳೆದಿರ್ಬೇಕು," ಎಂದೆ.

ಅವರು ಚೀಟಿ ನೋಡಿ ನಕ್ಕರು. "ಯಜಮಾನ್ರು ಸರಿಯಾಗೇ ಬರ್ದಿದಾರೆ. ಇದು ಹದಿನೆಂಟು ಅಡಿ ಹತ್ತು ಇಂಚು. ನೀವು ದಶಾಂಶ ಅಂದ್ಕೊಂಡ್ರಿ."

ಗೋಡೆ 5.74 ಮೀಟರ್ ಆಯಿತು. ನಕ್ಷೆಯಲ್ಲಿ ಹೆಚ್ಚಿದ್ದು ನಾಲ್ಕು ಚಿಲ್ಲರೆ ಮಿಲಿಮೀಟರ್. ಅಷ್ಟರಲ್ಲಿ ಬಾಗಿಲು ಕೂತಿತು. ಅದು ಹೊರಕ್ಕೆ ತೆರೆಯುವುದನ್ನು ತೋರಿಸುವ ಬಾಗುಗೆರೆ ಎಳೆದು, ಪಕ್ಕದಲ್ಲಿ 'ತುರ್ತು ನಿರ್ಗಮನ' ಎಂದು ಗುರುತು ಹಾಕಿದರು.

ಬಸ್ಸಿನಲ್ಲಿ ಚೀಟಿಯನ್ನು ಮೆಲ್ಲಗೆ ಮಡಿಸಿದೆ. ಇದ್ದಿದ್ದರೆ ಅವರು ಒಂದು ವಾರ ರೇಗಿಸುತ್ತಿದ್ದರು. ತಪ್ಪು ನನ್ನದೇ ಎಂದು ಯಾರಿಗೆ ಹೇಳಲಿ?