ಬರೆದವಳು ನಾನು, ಪರೀಕ್ಷಿಸಿದವರು ಅವರು

ನಮ್ಮ ಆಫೀಸು ಬಸವೇಶ್ವರನಗರದಲ್ಲಿ, ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿತ್ತು. ರಕ್ತಪರೀಕ್ಷೆಯ ಲ್ಯಾಬ್‌ಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೆವು. ಡೇಟಾಬೇಸ್ ಕೆಟ್ಟರೆ ಬ್ಯಾಕಪ್‌ನಿಂದ ಅದನ್ನು ಮತ್ತೆ ಎಬ್ಬಿಸುವುದು ಹೇಗೆ ಎಂಬ ರನ್‌ಬುಕ್ ಬರೆದವಳು ನಾನು. ರಾತ್ರಿ ಆನ್-ಕಾಲ್ ಪಾಳಿಯಲ್ಲಿರುವವರು, ಫೋನ್ ಬಂದಾಗ, ಕಣ್ಣುಜ್ಜಿಕೊಂಡು ಎದ್ದು ಓದುವ ಪುಟ ಅದು. ಒಂದು ಸಾಲಿಗೆ ಒಂದೇ ಕೆಲಸ, ಅದು ಸರಿಯಾಗಿದ್ದರೆ ಪರದೆಯ ಮೇಲೆ ಏನು ಕಾಣಬೇಕು, ಕಾಣದಿದ್ದರೆ ಏನು ಮಾಡಬೇಕು, ಅಷ್ಟೇ. ಜಂಬ ಅಂದರೆ ಜಂಬ, ಆ ಪುಟಗಳೇ ಆಫೀಸಿನಲ್ಲಿ ನನ್ನ ಮರ್ಯಾದೆಯಾಗಿದ್ದವು.

ಬರೆದವರೇ ಅದನ್ನು ಪರೀಕ್ಷಿಸಬಾರದು ಎಂಬುದು ನಮ್ಮ ಪದ್ಧತಿ. ಬರೆದವರ ತಲೆಯಲ್ಲಿರುವುದು ಪುಟದಲ್ಲಿಯೂ ಇದೆ ಎಂದು ಅವರಿಗೇ ಅನ್ನಿಸಿಬಿಡುತ್ತದೆ. ಹಾಗಾಗಿ ಬೇರೊಬ್ಬರು ತಿಂಗಳಿಗೊಮ್ಮೆ ಪುಟವನ್ನು ಮಾತ್ರ ನೋಡಿಕೊಂಡು, ಯಾರನ್ನೂ ಕೇಳದೆ, ಬೇರೆ ಮೆಷಿನ್ನಿನಲ್ಲಿ ಬ್ಯಾಕಪ್ ಎಬ್ಬಿಸಿ ನೋಡಬೇಕು. ಆ ಬೇರೊಬ್ಬರು ನನ್ನ ಸೀನಿಯರ್. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಕೆಲಸ ಕಲಿಸಿದವರೇ ಅವರು. ನಮ್ಮಮ್ಮ ವಿಜಯನಗರದ ಮನೆಯಿಂದ ಅವರಿಗೂ ಸೇರಿಸಿ ಬುತ್ತಿ ಕಟ್ಟುತ್ತಿದ್ದಳು. ತಿಂಗಳು ತಿಂಗಳೂ ಅವರು ಬಾಯಲ್ಲಿ ತುತ್ತಿಟ್ಟುಕೊಂಡೇ ಹೇಳುತ್ತಿದ್ದರು: "ಪಾಸ್ ಕಣಮ್ಮ. ಕಣ್ಮುಚ್ಕೊಂಡು ಮಾಡ್ಬಹುದು, ಹಂಗ್ ಬರ್ದಿದೀಯ."

ನನ್ನ ಪಾಳಿಯ ಒಂದು ರಾತ್ರಿ ಫೋನ್ ಬಡಿದುಕೊಂಡಿತು. ಹಳೆಯ ದಾಖಲೆ ಅಳಿಸುವ ಪ್ರೋಗ್ರಾಂ ತಪ್ಪಿ ಹೊಸ ರಿಪೋರ್ಟ್‌ಗಳನ್ನೂ ಅಳಿಸಿಹಾಕಿತ್ತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಜನ ಲ್ಯಾಬ್ ಬಾಗಿಲಿಗೆ ಬರುವಷ್ಟರಲ್ಲಿ ಎಲ್ಲ ವಾಪಸ್ ಬರಬೇಕು. ನನಗೆ ಹೆದರಿಕೆಯಾಗಲಿಲ್ಲ. ರನ್‌ಬುಕ್ ತೆರೆದೆ. ಮೊದಲು ಹೊಸದಾಗಿ ಏನೂ ಬರೆಯದಂತೆ ಸಾಫ್ಟ್‌ವೇರ್ ನಿಲ್ಲಿಸಿದೆ. ಕೆಟ್ಟ ಡೇಟಾಬೇಸನ್ನು ಮುಟ್ಟದೆ, ಪಕ್ಕದಲ್ಲಿ ಬೇರೆ ಸರ್ವರ್ ಎಬ್ಬಿಸಿದೆ. ಅದರ ಮೇಲೆ ಹಿಂದಿನ ರಾತ್ರಿಯ ಪೂರ್ತಿ ಬ್ಯಾಕಪ್ ಇಳಿಸಬೇಕು, ಆಮೇಲೆ ದಿನವಿಡೀ ಆದ ಬದಲಾವಣೆಗಳ ಲಾಗ್‌ಗಳನ್ನು, ಅಳಿಸುವ ತಪ್ಪು ಶುರುವಾಗುವ ಮುಂಚಿನ ಕ್ಷಣದವರೆಗೆ ಮಾತ್ರ, ಓಡಿಸಬೇಕು.

ಬ್ಯಾಕಪ್ ತೆರೆಯಲೇ ಇಲ್ಲ. ಅದಕ್ಕೆ ಬೀಗವಿದೆ, ಪಾಸ್‌ವರ್ಡ್ ನಾವೆಲ್ಲ ಬಳಸುವ ಪಾಸ್‌ವರ್ಡ್ ಲಾಕರ್‌ನಲ್ಲಿದೆ, ಅಲ್ಲಿಂದಲೇ ತೆಗೆದುಕೊಳ್ಳಿ ಎಂದು ನಾನೇ ಬರೆದಿದ್ದೆ. ಹಾಕಿದೆ. ತಪ್ಪು ಎಂದಿತು. ಮತ್ತೆ ಹಾಕಿದೆ. ಅದರ ಹಿಂದಿನ ದಿನದ್ದಕ್ಕೂ ತಪ್ಪು, ಹಿಂದಿನ ವಾರದ್ದಕ್ಕೂ ತಪ್ಪು. ಅಯ್ಯೋ ದೇವರೇ! ಅಣ್ಣನಿಗೆ ಫೋನ್ ಮಾಡಿದೆ.

ನಾನು ಪೂರ್ತಿ ಹೇಳಿ ಮುಗಿಸಿರಲಿಲ್ಲ. "ಹ್ಞಾಂ, ಅದು ಚೇಂಜ್ ಆಗಿದೆ. ಬರ್ಕೋ," ಎಂದು ಹೊಸ ಪಾಸ್‌ವರ್ಡನ್ನು ಅಕ್ಷರ ಅಕ್ಷರವಾಗಿ ಹೇಳಿಬಿಟ್ಟರು.

ಬ್ಯಾಕಪ್ ತೆರೆದುಕೊಂಡಿತು. ಲಾಗ್ ಓಡಿಸಿದೆ, ರಿಪೋರ್ಟ್‌ಗಳ ಲೆಕ್ಕ ಹೊಂದಿಸಿ ನೋಡಿದೆ, ಲ್ಯಾಬ್‌ಗಳನ್ನು ಹೊಸ ಸರ್ವರ್‌ಗೆ ತಿರುಗಿಸಿದೆ. ಯಾವ ರೋಗಿಗೂ ತೊಂದರೆಯಾಗಲಿಲ್ಲ. ಆದರೆ ನನ್ನ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಪಾಸ್‌ವರ್ಡ್ ಬದಲಾಯಿಸಿದವರು ಅವರು, ಲಾಕರ್‌ಗೆ ಹಾಕದವರೂ ಅವರು. ತಿಂಗಳು ತಿಂಗಳೂ ತಮ್ಮ ತಲೆಯೊಳಗಿನದನ್ನು ಹಾಕಿ ತೆರೆದುಕೊಂಡು, ನನ್ನ ಪುಟ ಪಾಸ್ ಎಂದಿದ್ದಾರೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಬೆಳಿಗ್ಗೆ ಅವರನ್ನು ಮೆಟ್ಟಿಲ ಹತ್ತಿರವೇ ಹಿಡಿದು ಕೇಳಿದೆ. "ಲಾಕರ್‌ಗೆ ಯಾಕೆ ಹಾಕ್ಲಿಲ್ಲ ಅಣ್ಣ?"

ಅವರು ನಕ್ಕರು. "ಎಲ್ಲಾ ಬರ್ದಿಟ್‌ಬಿಟ್ರೆ ಆಮೇಲೆ ನಮ್ಮನ್ನ ಯಾರ್ ಕೇಳ್ತಾರೆ ಕಣಮ್ಮ? ನಿಂಗೂ ವಯಸ್ಸಾಗ್ಲಿ, ಗೊತ್ತಾಗುತ್ತೆ."

ಅಲ್ಲಿಗಾದರೂ ನಿಂತಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಒಳಗೆ ಮಾಲೀಕರು ನಮ್ಮಿಬ್ಬರನ್ನೂ ಕೂರಿಸಿಕೊಂಡು, ರನ್‌ಬುಕ್ ಯಾಕೆ ಕೈಕೊಟ್ಟಿತು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆಯೇ ಅಣ್ಣ ಹೇಳಿದರು: "ಹೊಸ ಪಾಸ್‌ವರ್ಡ್ ನಾನ್ ಹೇಳಿದ್ದೆ ಸಾರ್. ಲಾಕರ್‌ಗೆ ಹಾಕೋಕೆ ಮರ್ತಿದಾಳೆ. ಪಾಪ, ಬೈಬೇಡಿ."

ಪಾಪವಂತೆ! ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ. "ಸುಳ್ಳು ಸಾರ್! ನಂಗ್ ಹೇಳೇ ಇಲ್ಲ," ಎಂದೆ. ಕಣ್ಣಲ್ಲಿ ನೀರು ಬಂತು. ಅಳುವವಳ ಮಾತನ್ನು ಯಾರು ನಂಬುತ್ತಾರೆ?

ಮಾಲೀಕರು ಕೈ ಎತ್ತಿದರು. "ಯಾರ್ ತಪ್ಪು ಅನ್ನೋ ಪಂಚಾಯ್ತಿ ಬೇಡಮ್ಮ. ಇನ್ಮೇಲೆ ಏನೇ ಆದ್ರೂ ಮೊದ್ಲು ಇವ್ರಿಗೆ ಫೋನ್ ಮಾಡ್ಬೇಕು. ಅದನ್ನೇ ಫಸ್ಟ್ ಸ್ಟೆಪ್ ಮಾಡ್ಬಿಡು. ಈಗ್ಲೇ."

ನನ್ನ ಟೇಬಲ್ಲಿಗೆ ಬಂದು ರನ್‌ಬುಕ್ ತೆರೆದೆ. ಎಲ್ಲ ಹಂತಗಳನ್ನೂ ಒಂದೊಂದು ಕೆಳಗಿಳಿಸಿ, ಮೇಲೆ ಅವರ ನಂಬರ್ ಬರೆದೆ. ಅಣ್ಣ ಹಿಂದೆಯೇ ನಿಂತು, ಬಗ್ಗಿ, ಒಂದೊಂದೇ ಅಂಕಿ ಓದಿದರು.

"ಕೊನೇ ಅಂಕಿ ತಪ್ಪಾಗಿದೆ ಕಣಮ್ಮ, ಸರಿ ಮಾಡು," ಎಂದರು.

ಅಷ್ಟು ತಿಂಗಳ ಪರೀಕ್ಷೆಯಲ್ಲಿ ನನ್ನ ರನ್‌ಬುಕ್‌ನಲ್ಲಿ ಅವರು ತಿದ್ದಿಸಿದ ತಪ್ಪು ಅದೊಂದೇ.