ಲೊಚಗುಟ್ಟದ ಡಾಕ್ಟರು

ಮದುವೆ ವಿಡಿಯೋ ಎಡಿಟ್ ಮಾಡಿ ಮಾಡಿ ನನ್ನ ಕಣ್ಣು ಸೋತುಹೋಗಿವೆ. ಬಳ್ಳಾರಿಯ ಕೌಲ್ ಬಜಾರಿನ ಸ್ಟುಡಿಯೋ ಒಂದರಲ್ಲಿ ಕೆಲಸ ಕಲಿತು, ಗಾಂಧಿನಗರದಲ್ಲಿ ಸ್ವಂತ ಅಂಗಡಿ ಇಟ್ಟವಳು ನಾನು. ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ಕ್ಯಾಮೆರಾಕ್ಕೆ ಅಡ್ಡ ನಿಲ್ಲುವ ಸೋದರಮಾವಂದಿರನ್ನು ಕತ್ತರಿಸಿ ಹಾಕುವುದರಲ್ಲೇ ಆಯುಷ್ಯ ಕಳೆಯಿತು. ಈಗ ಫೋಟೋಗಳಿಗೆ ಮಾತು ಕಲಿಸುವ ಕೆಲಸವೂ ಹೆಗಲಿಗೆ ಬಿದ್ದಿದೆ. ಬೇಡ ಎಂದರೆ ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗುತ್ತಾರೆ.

ಹಾಗೆ ಬಂದವರಲ್ಲಿ ನಮ್ಮ ಬೀದಿಯ ಸಕ್ಕರೆ ಕಾಯಿಲೆಯ ಡಾಕ್ಟರೂ ಒಬ್ಬರು. ಕುರುಗೋಡಿನವರು. ತಿಂಗಳಿಗೊಮ್ಮೆ ಸಿರುಗುಪ್ಪಕ್ಕೆ ಹೋಗಿ ಕ್ಯಾಂಪ್ ಮಾಡುತ್ತಾರೆ. ಸಿರುಗುಪ್ಪದಲ್ಲೇ ಇರುವ ನನ್ನ ಅವ್ವ ಕೂಡ ಅವರದೇ ಪೇಷಂಟು. ಅಲ್ಲಿ ಸರದಿಗೆ ಕೂತವರಿಗೆ ಟಿವಿಯಲ್ಲಿ ತೋರಿಸಲು, ಆಮೇಲೆ ಅವರ ಫೋನುಗಳಿಗೂ ಕಳಿಸಲು, ಕಾಲಿನ ಆರೈಕೆಯ ಬಗ್ಗೆ ಒಂದು ವಿಡಿಯೋ ಬೇಕಾಗಿತ್ತು.

"ಕ್ಯಾಮೆರಾ ಮುಂದ ನಿಂದ್ರಾಕ ನನಗ ಪುರುಸೊತ್ತಿಲ್ಲಮ್ಮ. ಫೋಟೋ ಕೊಡ್ತೀನಿ, ಹೇಳೂದು ಬರದ್ ಕೊಡ್ತೀನಿ. ನಿಮ್ಮ ಕಂಪ್ಯೂಟರ್ ಕಡೀಂದ ಮಾತಾಡಿಸಿಬಿಡ್ರಿ" ಎಂದರು.

ಕೊಟ್ಟ ಫೋಟೋ ಚೆನ್ನಾಗಿಯೇ ಇತ್ತು. ನೇರ ನೋಟ, ಒಳ್ಳೆಯ ಬೆಳಕು, ಕೊರಳಲ್ಲಿ ಸ್ಟೆತಸ್ಕೋಪು. ತುಟಿ ಮುಚ್ಚಿಕೊಂಡು ನಗುತ್ತಿದ್ದರು. ಅದನ್ನು ಫೋಟೋ ಮಾತಾಡಿಸುವ ಎಐ ತಂತ್ರಾಂಶಕ್ಕೆ ಏರಿಸಿ, ಬರಹವನ್ನು ಅಂಟಿಸಿ, ಪಟ್ಟಿಯಲ್ಲಿದ್ದ ಗಂಡಸಿನ ಕನ್ನಡ ದನಿ ಆರಿಸಿ ಗುಂಡಿ ಒತ್ತಿದೆ. ಅವರ ದನಿಯನ್ನೇ ನಕಲು ಮಾಡಿಸೋಣವೆಂದರೆ, ಅವರು ಕಳಿಸಿದ ಆಡಿಯೋದಲ್ಲಿ ಅವರಿಗಿಂತ ಫ್ಯಾನೇ ಹೆಚ್ಚು ಮಾತಾಡಿತ್ತು.

ಸ್ವಲ್ಪ ಹೊತ್ತಿಗೆ ಡಾಕ್ಟರು ಪರದೆಯ ಮೇಲೆ ಕಣ್ಣು ಮಿಟುಕಿಸಿದರು, ತಲೆಯಾಡಿಸಿದರು, ಮಾತಾಡಿದರು. ಮೊದಲ ಸಲ ನೋಡಿದವರು ಬೆರಗಾಗಬೇಕು. ನನಗೆ ಕಂಡದ್ದೆಲ್ಲ ರಿಪೇರಿ. "ಮಿ.ಗ್ರಾಂ" ಎಂದು ಬರೆದಲ್ಲಿ "ಮಿ" ಎಂದು ನಿಂತು, ಉಸಿರು ತೆಗೆದುಕೊಂಡು "ಗ್ರಾಂ" ಎಂದರು. ಅಂಕಿಗಳನ್ನೆಲ್ಲ ಅಕ್ಷರದಲ್ಲಿ ಬರೆದುಕೊಡಬೇಕಾಯಿತು. ಪ, ಬ, ಮ ಬಂದಾಗ ಕೂಡಬೇಕಾದ ತುಟಿಗಳು ಅರ್ಧಕ್ಕೇ ನಿಲ್ಲುತ್ತಿದ್ದವು. ತಲೆ ಅಲುಗಿದರೆ ಸ್ಟೆತಸ್ಕೋಪು ಕೊರಳಿಗೆ ಅಂಟಿದ ಚರ್ಮದಂತೆ ಜಗ್ಗುತ್ತಿತ್ತು. ಉದ್ದದ ಮಾತನ್ನು ಯಂತ್ರ ಒಂದೇ ಸಲಕ್ಕೆ ಒಪ್ಪುವುದಿಲ್ಲ, ತುಂಡು ತುಂಡಾಗಿ ಮಾಡಿಸಬೇಕು. ಪ್ರತಿ ತುಂಡೂ ಅದೇ ಫೋಟೋದಿಂದ ಶುರುವಾಗುವುದರಿಂದ ಜೋಡಿಸಿದಲ್ಲೆಲ್ಲ ಡಾಕ್ಟರ ತಲೆ ತಟ್ಟನೆ ಹಳೆಯ ಜಾಗಕ್ಕೆ ಜಿಗಿಯುತ್ತಿತ್ತು. ಅಲ್ಲೆಲ್ಲ ಕಾಲಿನ ಚಿತ್ರಗಳನ್ನು ಹಾಕಿ ಮುಚ್ಚಿದೆ.

ಮುಚ್ಚಲಾಗದ್ದು ನಗು. "ಗಾಯ ಆದ್ರ, ನೋವಿಲ್ಲಂತ ಸುಮ್ನ ಕುಂಡ್ರಬ್ಯಾಡ್ರಿ. ತಡ ಮಾಡಿದ್ರ ಬೆರಳು ತಗೀಬೇಕಾಕ್ಕೈತಿ" ಎಂಬ ಮಾತನ್ನೂ ಆ ಮುಖ ಲಡ್ಡು ಹಂಚುವವರ ಹಾಗೆ ಹೇಳಿತು. ಗಂಭೀರ ಭಾವ ಎಂಬ ಆಯ್ಕೆಯನ್ನೂ ಒತ್ತಿ ನೋಡಿದೆ. ತುಟಿಯ ತುದಿ ಒಂಚೂರು ಇಳಿಯಿತು, ಕೆನ್ನೆ ಮಾತ್ರ ಫೋಟೋದಲ್ಲಿ ನಕ್ಕ ಹಾಗೆಯೇ ಉಬ್ಬಿತ್ತು. ನಗದೆ ತೆಗೆಸಿದ ಫೋಟೋ ಕೊಡಿ ಎಂದು ಕೇಳಿದರೆ, "ಇರಲಿ ಬಿಡಮ್ಮ, ಪೇಷಂಟು ಹೆದರಬಾರದು" ಎಂದರು.

ಇನ್ನೊಂದಿತ್ತು. ಈ ಡಾಕ್ಟರು ಯಾರನ್ನೂ ಬೈಯುವುದಿಲ್ಲ. ಕಾಲು ನೋಡುತ್ತಾರೆ, ಸುಮ್ಮನಾಗುತ್ತಾರೆ, ನಾಲಿಗೆಯನ್ನು ಹಲ್ಲಿಗೆ ಒತ್ತಿ ಒಂದು ಸಲ ಲೊಚಗುಟ್ಟುತ್ತಾರೆ. "ಅವರು ಲೊಚ್ ಅಂದ್ರ ನನ್ನ ಎದಿ ಧಸಕ್ ಅಂತೈತಿ" ಎಂದು ಅವ್ವ ಯಾವಾಗಲೂ ಹೇಳುತ್ತಿದ್ದಳು. ಅದನ್ನೂ ಹಾಕೋಣವೆಂದು "ಚ್ಚ್" ಎಂದು ಬರೆದುಕೊಟ್ಟೆ. ಯಂತ್ರ "ಚ ಚ" ಎಂದು ಬಾಲವಾಡಿಯ ಮಗುವಿನಂತೆ ಓದಿತು. "ಲೊಚ್" ಎಂದು ಬರೆದರೆ "ಲೊಚ್" ಎಂದೇ ಸ್ಪಷ್ಟವಾಗಿ ಉಚ್ಚರಿಸಿತು. ಸಾಕಾಗಿ ಅಳಿಸಿಹಾಕಿದೆ.

ಒಪ್ಪಿಸುವ ಮೊದಲು ಪೇಷಂಟು ಒಬ್ಬರಿಗೆ ತೋರಿಸೋಣವೆಂದು ಭಾನುವಾರ ಸಿರುಗುಪ್ಪದ ಬಸ್ಸು ಹತ್ತಿದೆ. ಅವ್ವ ಫೋನನ್ನು ಮುಖದ ಹತ್ತಿರ ಹಿಡಿದು ಪೂರ್ತಿ ನೋಡಿದಳು.

"ಡಾಕ್ಟ್ರು ಹಲ್ಲು ಯಾವಾಗ ಕಟ್ಟಿಸಿದ್ರು?" ಎಂದಳು.

ಅವರ ಮುಂದಿನ ಹಲ್ಲುಗಳ ನಡುವೆ ಸಂದಿ ಇದೆ. ಫೋಟೋದಲ್ಲಿ ಬಾಯಿ ಮುಚ್ಚಿದ್ದರಿಂದ ಯಂತ್ರ ತನಗೆ ತೋಚಿದ ಹಲ್ಲು ಜೋಡಿಸಿತ್ತು. ನಾನು ನಕ್ಕೆ. ಅವ್ವನೂ ನಕ್ಕಳು, ಗೋಡೆಗೆ ಒರಗಿ ನಿರಾಳವಾಗಿ ಉಸಿರು ಬಿಟ್ಟಳು.

"ನಾಳಿ ನಿನ್ನ ಕೂಡ ಬಳ್ಳಾರಿಗೆ ಬರೂಣಂತ ಮಾಡಿದ್ದೆ. ಇನ್ನ ಬ್ಯಾಡ ಬಿಡು."

"ಯಾಕ ಬರೂದಿತ್ತು?"

"ಏನಿಲ್ಲ. ಸುಮ್ಮನ ಹೆದರಿದ್ದೆ. ಅವರೇ ನಗಾಕತ್ಯಾರ, ಅಂದ್ರ ಅಂಥಾದ್ದೇನಿಲ್ಲ."

ಹೇಳುತ್ತಲೇ ಎಡಗಾಲನ್ನು ಸೀರೆಯೊಳಗೆ ಎಳೆದುಕೊಂಡಳು. ನಾನು ಆ ಕಾಲನ್ನು ಹಿಡಿದು ಹೊರಗೆ ಜಗ್ಗಿದೆ. ಕಿರುಬೆರಳಿನ ಬುಡದಲ್ಲಿ ಚಪ್ಪಲಿ ಕಚ್ಚಿದ ಗಾಯ, ಅಂಚು ಕಪ್ಪಗಾಗಿತ್ತು. ಬೆರಳಿನಿಂದ ಒತ್ತಿದರೂ ಅವಳಿಗೆ ಗೊತ್ತಾಗಲಿಲ್ಲ.

"ಅವ್ವ, ವಿಡಿಯೋದಾಗ ಇದನ್ನ ಹೇಳೈತಿ! ನೋವಿಲ್ಲಂದ್ರೂ ಬರ್ರಿ ಅಂತ. ಕೇಳಲಿಲ್ಲೇನು?"

"ಕೇಳಿದೆ. ಬಾಯೀಲೆ ಎಲ್ಲರೂ ಹೇಳ್ತಾರ. ಮಾರಿ ನೋಡಬೇಕು."

"ಅದು ಅವರಲ್ಲ. ಫೋಟೋ. ಕಂಪ್ಯೂಟರ್ ಮಾತಾಡ್ತೈತಿ."

"ಅವರ ಮಾರಿ ನನಗ ಗೊತ್ತಿಲ್ಲೇನಲೇ? ಹೋಗ್ ಅತ್ಲಾಗ."

ನನಗೆ ಸಿಟ್ಟು ನೆತ್ತಿಗೇರಿತು. ಅವ್ವನ ಮೇಲೋ, ಆ ಉಬ್ಬಿದ ಕೆನ್ನೆಯ ಮೇಲೋ ತಿಳಿಯಲಿಲ್ಲ. ಹೊತ್ತಾದರೂ ಸರಿ ಎಂದು ಆಗಲೇ ಅವಳನ್ನು ಬಸ್ಸು ಹತ್ತಿಸಿದೆ. ಬಳ್ಳಾರಿ ಬರುವತನಕ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಡಾಕ್ಟರು ಮೇಲಿನ ಮನೆಯಿಂದ ಇಳಿದುಬಂದು ಕ್ಲಿನಿಕ್ಕಿನ ಬಾಗಿಲು ತೆಗೆದರು. ಮಂಚದ ಮೇಲೆ ಕಾಲಿಡಿಸಿ ಬಗ್ಗಿ ನೋಡಿದರು, ಸುಮ್ಮನಾದರು. ಆಮೇಲೆ ಲೊಚಗುಟ್ಟಿದರು.

ದಾರಿಯುದ್ದಕ್ಕೂ ಬಿಮ್ಮನೆ ಕೂತಿದ್ದ ಅವ್ವ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. "ಬೆರಳು ಹೋಗ್ತೈತೇನ್ರಿ?"

"ಇವತ್ತು ಬಂದೀರಿ, ಉಳಿಸ್ಕೊಳ್ಳಾಕ ನೋಡೋಣು. ಮುಂದಿನ ಕ್ಯಾಂಪಿನ ತನಕ ಕುಂತಿದ್ರ ನನ್ನ ಕೈಲೂ ಆಗ್ತಿದ್ದಿಲ್ಲ."

ಅವ್ವನ ಕಣ್ಣಲ್ಲಿ ನೀರು ಬಂತು. "ಮತ್ತ ಮದ್ಲ ಯಾಕ ಹಂಗ ನಕ್ಕೊಂತ ಹೇಳಿದ್ರಿ ಡಾಕ್ಟ್ರ?"

ಅವರು ತಿಳಿಯದೆ ನನ್ನ ಮುಖ ನೋಡಿದರು. ನಾನು ಫೋನಿನಲ್ಲಿ ವಿಡಿಯೋ ಹಚ್ಚಿ ಅವರ ಕೈಗೆ ಕೊಟ್ಟೆ. ಬೆರಳು ತೆಗೆಯುವ ಮಾತು ಬಂದಾಗ ಪರದೆಯ ಡಾಕ್ಟರು ಎಂದಿನಂತೆ ನಕ್ಕರು. ಎದುರಿಗಿದ್ದ ಡಾಕ್ಟರು ಅದನ್ನು ನೋಡಿ ಮತ್ತೊಮ್ಮೆ ಲೊಚಗುಟ್ಟಿದರು.

ಅವ್ವ ಬೆಚ್ಚಿಬಿದ್ದಳು. "ಮತ್ತೇನಾತ್ರಿ?"

"ನಿಮಗಲ್ಲ ಯವ್ವ, ಇದು ನನಗ" ಎಂದರು.

ಬೆರಳು ಉಳಿಯಿತು, ವಾಸಿಯಾಗಲು ಬಹಳ ಸತಾಯಿಸಿತು. ಫೋಟೋದ ವಿಡಿಯೋ ಸಿರುಗುಪ್ಪಕ್ಕೆ ಹೋಗಲಿಲ್ಲ. ಡಾಕ್ಟರು ಪುರುಸೊತ್ತು ಮಾಡಿಕೊಂಡು ನನ್ನ ಅಂಗಡಿಗೆ ಬಂದು, ಬರೆದದ್ದನ್ನು ಅರ್ಧ ಮರೆತು, ತಮ್ಮದೇ ಮುಖದಲ್ಲಿ ಹೇಳಿದರು. ಫ್ಯಾನಿನ ಸದ್ದು ಬಹಳವೆಂದು ನಾನು ಗದ್ದಲ ತೆಗೆಯುವ ಗುಂಡಿ ಒತ್ತಿದೆ. ತಿರುಗಿ ಕೇಳಿದರೆ ಫ್ಯಾನಿನ ಜೊತೆ ಮಾತಿನ ನಡುವಿನ ಅವರ ಲೊಚ್ ಕೂಡ ಹೋಗಿತ್ತು. ಎರಡನ್ನೂ ವಾಪಸ್ಸು ಹಾಕಿದೆ. ಈಗ ಸಿರುಗುಪ್ಪದ ಟಿವಿಯಲ್ಲಿ ಫ್ಯಾನು ಬಡಬಡಿಸುತ್ತದೆ, ನಡುವೆ ಡಾಕ್ಟರು ಲೊಚಗುಟ್ಟುತ್ತಾರೆ. ಅದು ಬಂದಾಗಲೆಲ್ಲ ಅವ್ವ ಬಗ್ಗಿ ಕಾಲು ನೋಡಿಕೊಳ್ಳುತ್ತಾಳೆ.